ಒಂಬತ್ತನೇ ಕಾಲಂ

ಸಂಪಾಜೆ ಎರಡಿವೆ. ಒಂದು ಕೊಡಗಿನ ಮಡಿಕೇರಿ ತಾಲ್ಲೂಕಿನದು, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನದು. ಬಸ್ಸಿನಲ್ಲಿ ಹೋಗುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ಅಡಿಕೆ ತೋಟ, ಅದೇ ರಬ್ಬರ್, ಅದೇ ಪಯಸ್ವಿನಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಒತ್ತಾಯವೂ ಸೇರಿ 1837ರಲ್ಲಿ ಇಲ್ಲೊಂದು ದಂಗೆಯೇ ಆಯಿತು. ನಮ್ಮ ಕಡೆ ಕಂದಾಯ ಇಲಾಖೆಯ ಮಾತು ಬಂದರೆ ಜನರ ಧ್ವನಿ ಸ್ವಲ್ಪ ಏರುವುದು ಹೊಸ ಅಭ್ಯಾಸವೇನಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಉಂಟು. ನನ್ನ ಅಮ್ಮನ ತವರು ಕೊಡಗಿನ ಸಂಪಾಜೆ. ಚಿಕ್ಕಮ್ಮನನ್ನು ಮದುವೆ ಮಾಡಿ ಕೊಟ್ಟದ್ದು ಕಲ್ಲುಗುಂಡಿಗೆ, ಅಂದರೆ ಆಚೆ ಸಂಪಾಜೆಗೆ. ತವರಿಗೂ ಅವಳ ಮನೆಗೂ ನಡೆದು ಹೋಗುವಷ್ಟೇ ದೂರ, ಆದರೆ ಜಿಲ್ಲೆ ಬೇರೆ. ಅವಳ ಆಧಾರ್, ರೇಷನ್ ಕಾರ್ಡ್, ಸೊಸೈಟಿ ಲೆಕ್ಕ ಎಲ್ಲ ಸುಳ್ಯದ್ದು. ಅಪ್ಪನ ಜಾಗದ ಕಾಗದ ಮಾತ್ರ ಘಾಟಿ ಹತ್ತಿ ಮಡಿಕೇರಿಯಲ್ಲಿದೆ. 2020ರ ಅಕ್ಟೋಬರಿನಲ್ಲಿ, ಲಾಕ್‌ಡೌನ್ ಆಗಿ ನಾನು ಊರಿನಿಂದಲೇ ಕೆಲಸ ಮಾಡುತ್ತಿದ್ದಾಗ, ಅವಳು ಬಂದು ಕೇಳಿದಳು: "ಅಪ್ಪನ ಜಾಗದ ಆರ್‌ಟಿಸಿ ನಿನ್ನ ಕಂಪ್ಯೂಟರಲ್ಲಿ ಬರ್ತದಾ ಮಗಾ? ಅಣ್ಣ ತೋಟ ಕೊಡ್ತಾನಂತೆ, ಪಾರ್ಟಿ ಬಂದು ನೋಡಿ ಹೋಗಿಯೂ ಆಯ್ತಂತೆ."

ಬರುತ್ತದೆ. `landrecords.karnataka.gov.in` ತೆರೆದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಆಯಿತು. ಕೊಡಗು, ಮಡಿಕೇರಿ, ಸಂಪಾಜೆ, ಮತ್ತೆ ಸಂಪಾಜೆ. ಒಂಬತ್ತನೇ ಕಾಲಂನಲ್ಲಿ ನನ್ನ ಇಬ್ಬರು ಮಾವಂದಿರ ಹೆಸರಿತ್ತು. ಅಮ್ಮನ ಹೆಸರೂ ಇಲ್ಲ, ಚಿಕ್ಕಮ್ಮನ ಹೆಸರೂ ಇಲ್ಲ.

ಆರ್‌ಟಿಸಿಯನ್ನು ಓದುವುದು ಹೇಗೆಂದು ಒಂದು ಸಲ ಕಲಿತರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಕಾಲಂ ಬೇಡ, ನಾಲ್ಕು ಸಾಕು. ಒಂಬತ್ತರಲ್ಲಿ ಜಾಗ ಯಾರ ಹೆಸರಿಗಿದೆ ಎಂಬುದು. ಹತ್ತರಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದು, ಅಂದರೆ ಮ್ಯುಟೇಶನ್ ರಿಜಿಸ್ಟರಿನ ಎಂಆರ್ ನಂಬರ್, ಜೊತೆಗೆ ಕ್ರಯವೋ ಪಾಲೋ ಪೌತಿಯೋ ಎಂಬ ಕಾರಣ. ಹನ್ನೊಂದರಲ್ಲಿ ಸಾಲ, ಅಡವು, ಕೋರ್ಟಿನ ತಡೆಯಾಜ್ಞೆ. ಹನ್ನೆರಡರಲ್ಲಿ ಯಾರು ಏನು ಬೆಳೆದಿದ್ದಾರೆ. ಎಲ್ಲರೂ ಒಂಬತ್ತನ್ನು ಮಾತ್ರ ನೋಡಿ ಸಮಾಧಾನ ಪಡುತ್ತಾರೆ, ಇಲ್ಲವೇ ಗಾಬರಿ ಬೀಳುತ್ತಾರೆ. ನನ್ನ ಕೇಳಿದರೆ ಓದಬೇಕಾದ್ದು ಹತ್ತು. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಒಂಬತ್ತು ಇವತ್ತಿನ ಸ್ಥಿತಿ, ಹತ್ತು ಅದರ ಲಾಗ್. ಸ್ಥಿತಿ ತಪ್ಪಾಗಿ ಕಂಡರೆ ಲಾಗ್ ತೆರೆಯಬೇಕು.

ಇನ್ನೊಂದು ಸಣ್ಣ ಮಾತು. ವಿಸ್ತೀರ್ಣ 3.20 ಎಂದಿತ್ತು. ಬೆಂಗಳೂರಿನ ನನ್ನ ಗೆಳೆಯನೊಬ್ಬ, ಮಂಡ್ಯದವನು, ನೋಡಿದವನೇ "ಮೂರೂವರೆ ಎಕರೆ" ಅಂದ. ಅವನ ಊರಲ್ಲಿ ಪಾಯಿಂಟಿನ ನಂತರದ್ದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಕೊಡಗಿನಲ್ಲೂ ದಕ್ಷಿಣ ಕನ್ನಡದಲ್ಲೂ ನಾವು ಲೆಕ್ಕ ಹಾಕುವುದು ಸೆಂಟ್ಸಿನಲ್ಲಿ, ನೂರು ಸೆಂಟ್ಸಿಗೆ ಒಂದು ಎಕರೆ. ಆದ್ದರಿಂದ ಅಜ್ಜನದ್ದು ಮೂರು ಎಕರೆ ಇಪ್ಪತ್ತು ಸೆಂಟ್ಸ್. ಅಜ್ಜಿ ಅಜ್ಜನಿಗಿಂತ ಮೊದಲೇ ತೀರಿಕೊಂಡಿದ್ದರು. ಅಜ್ಜ ಸ್ವಂತ ದುಡ್ಡಿನಲ್ಲಿ ಮಾಡಿದ ಜಾಗ, ಮಕ್ಕಳು ನಾಲ್ವರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ಸತ್ತ ಅಪ್ಪನ ಸ್ವಂತ ಆಸ್ತಿಯಲ್ಲಿ ಗಂಡು ಹೆಣ್ಣೆಂಬ ಭೇದ 1956ರಿಂದಲೇ ಇಲ್ಲ. ಆಮೇಲೆ ಬಂದ ತಿದ್ದುಪಡಿಗಳು ಮುಖ್ಯವಾಗಿ ಪಿತ್ರಾರ್ಜಿತದ ಬಗ್ಗೆ. ಹಾಗಾಗಿ ಒಬ್ಬೊಬ್ಬರಿಗೆ ಎಂಬತ್ತು ಸೆಂಟ್ಸ್.

ಜಾಗ 'ಸಾಗು' ಆಗಿದ್ದದ್ದು ನಮ್ಮ ಪುಣ್ಯ. ಕೊಡಗಿನಲ್ಲಿ 'ಜಮ್ಮಾ' ಅಂತ ಇನ್ನೊಂದು ಬಗೆ ಉಂಟು, ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ಕುಟುಂಬಕ್ಕೆ ಕೊಟ್ಟದ್ದು, ಅರ್ಧ ಕಂದಾಯದ್ದು. ಅದರಲ್ಲಿ ಕುಟುಂಬದ ಹಿರಿಯ ಪಟ್ಟೇದಾರನ ಹೆಸರು ಅವನು ತೀರಿ ಎರಡು ತಲೆಮಾರಾದರೂ ದಾಖಲೆಯಲ್ಲಿ ಕೂತಿರುತ್ತದೆ. ಅದರ ಮ್ಯುಟೇಶನ್ ಕಥೆ ಹೇಳಲು ಹೋದರೆ ಈ ಅಂಕಣ ಸಾಲದು.

ಹತ್ತನೇ ಕಾಲಂನ ಎಂಆರ್ ನಂಬರ್ ಹಿಡಿದು ಮಡಿಕೇರಿಯ ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲು ತೆಗೆಸಿದೆವು. ಎಂಆರ್ ಪುಟವನ್ನು ಮಾತ್ರವಲ್ಲ, ಅದರ ಹಿಂದಿನ ಇಡೀ ಕಡತವನ್ನು ಕೇಳಬೇಕು. ಇದನ್ನು ಹೇಳಿಕೊಟ್ಟದ್ದು ನಮ್ಮ ವಕೀಲರು. ಎಂಆರ್ ಪುಟ "ಪೌತಿ ಪ್ರಕಾರ ದಾಖಲಿಸಿದೆ" ಅನ್ನುತ್ತದೆ ಅಷ್ಟೆ. ಏನಾಯಿತೆಂಬುದು ಕಡತದಲ್ಲಿ ಗೊತ್ತಾಗುತ್ತದೆ. ನಮ್ಮದರಲ್ಲಿ ಮೂರು ಕಾಗದ ಇದ್ದವು. ಅಜ್ಜನ ಮರಣ ಪ್ರಮಾಣಪತ್ರ, 2009ರದ್ದು. 2010ರಲ್ಲಿ ಮಾವಂದಿರು ಕೊಟ್ಟ ಅರ್ಜಿ. ಅದರ ಜೊತೆ ನೋಟರಿ ಮುಂದೆ ಮಾಡಿದ ಅಫಿಡವಿಟ್ಟಿನ ಮೇಲೆ ಒಂದು ವಂಶವೃಕ್ಷ. ವಂಶವೃಕ್ಷದಲ್ಲಿ ಅಜ್ಜ, ಅಜ್ಜಿ, ಕೆಳಗೆ ಎರಡು ಗೆರೆ, ಎರಡು ಹೆಸರು. ನಾಲ್ಕು ಇರಬೇಕಿದ್ದ ಮರಕ್ಕೆ ಎರಡೇ ಕೊಂಬೆ. ಅಮ್ಮ ಅದನ್ನು ತುಂಬ ಹೊತ್ತು ನೋಡಿದಳು. "ದೊಡ್ಡಣ್ಣನ ಅಕ್ಷರವೇ," ಅಂದಳು. ಬೇರೇನೂ ಹೇಳಲಿಲ್ಲ.

ಇಲ್ಲಿ ಕಾನೂನು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಉತ್ತರಾಧಿಕಾರವೋ ಪಾಲೋ ಕ್ರಯವೋ, ಜಾಗದಲ್ಲಿ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕು. 129ನೇ ಕಲಂ ಮುಂದಿನದ್ದು ಹೇಳುತ್ತದೆ. ವರದಿ ಬಂದರೆ ಅದನ್ನು ಮ್ಯುಟೇಶನ್ ರಿಜಿಸ್ಟರಿನಲ್ಲಿ ಬರೆದು, ಚಾವಡಿಯಲ್ಲಿ ಪ್ರತಿ ಅಂಟಿಸಿ, ದಾಖಲೆಯಿಂದ ಸಂಬಂಧಪಟ್ಟವರೆಂದು ಕಾಣುವ ಎಲ್ಲರಿಗೂ, ಹಾಗೆ ನಂಬಲು ಕಾರಣವಿರುವ ಬೇರೆಯವರಿಗೂ, ಲಿಖಿತ ತಿಳಿವಳಿಕೆ ಕೊಡಬೇಕು. ಗಡುವಿನೊಳಗೆ ಯಾರೂ ತಕರಾರು ಹಾಕದಿದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ದೃಢೀಕರಿಸುತ್ತಾರೆ, ಒಂಬತ್ತನೇ ಕಾಲಂ ಬದಲಾಗುತ್ತದೆ. ತಕರಾರು ಬಂದರೆ ಅದು ತಕರಾರು ರಿಜಿಸ್ಟರಿಗೆ ಹೋಗಿ ತಹಶೀಲ್ದಾರರ ಮುಂದೆ ವಿಚಾರಣೆಯಾಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ 'ಆರ್‌ಆರ್‌ಟಿ ಕೇಸು' ಅನ್ನುತ್ತಾರೆ.

ಈಗ ತೂತು ಎಲ್ಲಿದೆ ನೋಡಿ. ಯಾರಿಗೆ ನೋಟಿಸ್ ಕೊಡಬೇಕೆಂದು ಇಲಾಖೆಗೆ ಗೊತ್ತಾಗುವುದು ಅರ್ಜಿದಾರ ಕೊಟ್ಟ ವಂಶವೃಕ್ಷದಿಂದ. ವಂಶವೃಕ್ಷದಲ್ಲೇ ಇಲ್ಲದ ಮಗಳಿಗೆ ನೋಟಿಸ್ ಹೋಗುವುದು ಹೇಗೆ? ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಹೆಂಗಸು ಊರ ಚಾವಡಿಯ ಗೋಡೆಯನ್ನು ದಿನಾ ಬಂದು ಓದುವುದಿಲ್ಲ. ಹೀಗೆ ಯಾರೂ ತಕರಾರು ಹಾಕಲಿಲ್ಲ. ಯಾರೂ ತಕರಾರು ಹಾಕದ್ದರಿಂದ ಅದು ವಿವಾದವಿಲ್ಲದ ಪೌತಿ ಆಯಿತು.

ಭೂಮಿ ತಂತ್ರಾಂಶ ಇದನ್ನು ತಡೆಯಬಹುದಿತ್ತಲ್ಲ ಎಂದು ಕಂಪನಿಯ ಸಹೋದ್ಯೋಗಿಯೊಬ್ಬರು ಕೇಳಿದರು. ತಡೆಯುವುದಿಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ ಭೂಮಿ ಬಂದಾಗ ಅದು ಬಗೆಹರಿಸಿದ್ದು ಬೇರೆ ಸಮಸ್ಯೆಯನ್ನು. ಕೈಬರಹದ ಆರ್‌ಟಿಸಿ ನಿಂತಿತು. ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಾಯಿತು. ಮ್ಯುಟೇಶನ್ ಅರ್ಜಿಗಳು ಬಂದ ಸರತಿಯಲ್ಲೇ ಹೋಗಬೇಕಾಯಿತು, ಪರಿಚಯದವರ ಅರ್ಜಿಯನ್ನು ಮುಂದೆ ತಳ್ಳುವ ಹಾಗಿಲ್ಲ. ಇದೆಲ್ಲ ಒಳ್ಳೆಯ ಎಂಜಿನಿಯರಿಂಗ್, ನಾನು ಮೆಚ್ಚುತ್ತೇನೆ. ಆದರೆ ಸುಳ್ಳು ವಂಶವೃಕ್ಷ ಒಳಗೆ ಹೋದರೆ ಸರತಿ ತಪ್ಪದೆ, ಬೆರಳಚ್ಚಿನ ಸಮೇತ, ಅಚ್ಚುಕಟ್ಟಾದ ಸುಳ್ಳು ಆರ್‌ಟಿಸಿ ಹೊರಗೆ ಬರುತ್ತದೆ.

ಚಿಕ್ಕಮ್ಮನ ಪ್ರಶ್ನೆ ಮಾತ್ರ ಸರಳವಾಗಿತ್ತು. "ಹೆಸರು ಇಲ್ಲದಿದ್ರೆ ನಮ್ಮ ಜಾಗ ಹೋಯ್ತಾ?"

ಹೋಗಲಿಲ್ಲ. ಆರ್‌ಟಿಸಿಯಲ್ಲಿ ಹೆಸರು ಬರುವುದರಿಂದ ಯಾರೂ ಮಾಲೀಕರಾಗುವುದಿಲ್ಲ, ಹೆಸರು ಹೋಗುವುದರಿಂದ ಯಾರ ಹಕ್ಕೂ ಹೋಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಎಷ್ಟೋ ಸಲ ಹೇಳಿದೆ. ಬಲವಂತ್ ಸಿಂಗ್ ವಿರುದ್ಧ ದೌಲತ್ ಸಿಂಗ್ ಪ್ರಕರಣದಲ್ಲಿ 1997ರಲ್ಲಿ ಹೇಳಿತು, 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಮತ್ತೆ ಹೇಳಿತು. ಮ್ಯುಟೇಶನ್ ಇರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ಸರ್ಕಾರಕ್ಕೆ ಗೊತ್ತಾಗಲು. ಆದರೆ ಇದನ್ನು ಕೇಳಿ ನೆಮ್ಮದಿಯಾಗಿ ಮಲಗುವ ಹಾಗೂ ಇಲ್ಲ. ಅದೇ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪೆಂದು ಸಾಬೀತಾಗುವವರೆಗೆ ಆ ನಮೂದನ್ನು ಸರಿ ಎಂದೇ ಭಾವಿಸಬೇಕು. ಸೊಸೈಟಿ ಸಾಲ ಕೊಡುವುದು ಒಂಬತ್ತನೇ ಕಾಲಂ ನೋಡಿ. ಮಳೆಹಾನಿ ಪರಿಹಾರ ಬರುವುದೂ ಅದರ ಮೇಲೆಯೇ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಮಾಡುವಾಗಲೂ ಮಾರುವವರ ಹೆಸರು ಅಲ್ಲಿದೆಯೇ ಎಂದೇ ನೋಡುತ್ತಾರೆ. ಮಾವಂದಿರು ಇಬ್ಬರೇ ಹೋಗಿ ಸಹಿ ಹಾಕಿದರೆ ಕ್ರಯ ನೋಂದಣಿಯಾಗುತ್ತಿತ್ತು. ಹಕ್ಕು ನಮ್ಮದೇ ಇರುತ್ತಿತ್ತು, ಆದರೆ ತೋಟದಲ್ಲಿ ಮೂರನೆಯವನೊಬ್ಬ ಕೂತಿರುತ್ತಿದ್ದ. ಅವನನ್ನು ಎಬ್ಬಿಸಲು ಇನ್ನೊಂದು ತಲೆಮಾರು ಬೇಕಾಗುತ್ತಿತ್ತು.

ಹಾಗಾಗಿ ಮೇಲ್ಮನವಿ. ಕಂದಾಯ ಇಲಾಖೆಯ ಏಣಿಯ ಬಗ್ಗೆ ಊರಲ್ಲಿ ಎಲ್ಲರೂ ಹೇಳುವುದು ಒಂದೇ: ವಿಎ, ಆರ್‌ಐ, ತಹಶೀಲ್ದಾರ್, ಎಸಿ, ಡಿಸಿ, ಆಮೇಲೆ ಬೆಂಗಳೂರಿನ ಕೆಎಟಿ. ಕಾಯ್ದೆಯ 49ನೇ ಕಲಂ ಓದಿದರೆ ಹಾಗೇ ಇದೆ. ಎಸಿಗಿಂತ ಕೆಳಗಿನವರ ಆದೇಶದ ಮೇಲೆ ಎಸಿಗೆ, ಎಸಿ ಆದೇಶದ ಮೇಲೆ ಡಿಸಿಗೆ, ಡಿಸಿ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ. ಆದರೆ ಮ್ಯುಟೇಶನ್ನಿಗೆ ಆ ಏಣಿ ಅಲ್ಲ. 136ನೇ ಕಲಂ ಮೊದಲ ಸಾಲಿನಲ್ಲೇ ಆ ಅಧ್ಯಾಯವನ್ನು ಹೊರಗಿಟ್ಟು, ತನ್ನದೇ ಒಂದು ಗಿಡ್ಡ ಏಣಿ ಇಡುತ್ತದೆ. ಎರಡೇ ಮೆಟ್ಟಿಲು. ತಹಶೀಲ್ದಾರರ ಆದೇಶವೋ ದೃಢೀಕರಿಸಿದ ನಮೂದೋ ನಿಮಗೆ ತೊಂದರೆ ಮಾಡಿದ್ದರೆ ಅರವತ್ತು ದಿನದೊಳಗೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ ಮೇಲ್ಮನವಿ. ಅದರ ಮೇಲೆ ಮತ್ತೆ ಮೇಲ್ಮನವಿ ಇಲ್ಲ. ಜಿಲ್ಲಾಧಿಕಾರಿ ಬೇಕಾದರೆ ದಾಖಲೆ ತರಿಸಿ ಪರಿಶೀಲಿಸಬಹುದು, ಅದು ರಿವಿಜನ್. ಅಲ್ಲಿಗೆ ಏಣಿ ಮುಗಿಯಿತು. ಅದರಾಚೆಗೆ ಹೈಕೋರ್ಟಿನಲ್ಲಿ ರಿಟ್, ಇಲ್ಲದಿದ್ದರೆ ಸಿವಿಲ್ ಕೋರ್ಟ್. ಇದು ಗೊತ್ತಿಲ್ಲದೆ ಬೇರೆ ಬಾಗಿಲು ತಟ್ಟಿ, ಅಲ್ಲಿಂದ "ಇಲ್ಲಿಗೆ ಬರುವುದಲ್ಲ" ಎಂದು ಹೇಳಿಸಿಕೊಳ್ಳುವಷ್ಟರಲ್ಲಿ ಎರಡು ವರ್ಷ ಕಳೆದುಕೊಂಡವರನ್ನು ನಾನು ಮಡಿಕೇರಿಯ ವರಾಂಡದಲ್ಲೇ ಕಂಡಿದ್ದೇನೆ.

ಅರವತ್ತು ದಿನ ಎಂದರೆ ನೀವು ಹೇಳಬಹುದು, 2010ರ ನಮೂದಿಗೆ 2020ರಲ್ಲಿ ಎಂಥ ಅರವತ್ತು ದಿನ? ಕಲಂ ಅನ್ನು ಪೂರ್ತಿ ಓದಬೇಕು. ಆದೇಶವಾದರೆ ಅದನ್ನು ತಿಳಿಸಿದ ದಿನದಿಂದ, ನಮೂದಾದರೆ ಅದು ನಿಮಗೆ ಗೊತ್ತಾದ ದಿನದಿಂದ. ಹಾಗಾದರೆ ಗೊತ್ತಾದ ದಿನ ಯಾವುದೆಂದು ತೋರಿಸಬೇಕಲ್ಲ. ವಕೀಲರು ಮೊದಲು ಕೇಳಿದ್ದೇ ಅದನ್ನು. ದೃಢೀಕೃತ ನಕಲಿಗೆ ನಾವು ಕೊಟ್ಟ ಅರ್ಜಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಕು ಇತ್ತು. ಆ ಒಂದು ಮುದ್ರೆಯ ಮೇಲೆ ಇಡೀ ಕೇಸು ನಿಂತಿತು. ಆ ದಿನದಿಂದ ಎಣಿಸಿ ನಲವತ್ತೊಂದನೇ ದಿನ ಎಸಿ ಕೋರ್ಟಿನಲ್ಲಿ ಮೇಲ್ಮನವಿ ಹಾಕಿದೆವು, ವಿಳಂಬ ಎಂದಾದರೆ ಮನ್ನಿಸಬೇಕೆಂಬ ಅರ್ಜಿಯನ್ನೂ ಎಚ್ಚರಿಕೆಗೆ ಜೊತೆಗಿಟ್ಟೆವು. ತಡೆಯಾಜ್ಞೆ ಕೇಳಿದೆವು, ಸಿಕ್ಕಿತು. ಹನ್ನೊಂದನೇ ಕಾಲಂನಲ್ಲಿ ಅದರ ಸಾಲು ಬಿದ್ದ ದಿನ ತೋಟ ನೋಡಿ ಹೋಗಿದ್ದ ಪಾರ್ಟಿ ಫೋನ್ ಎತ್ತುವುದನ್ನು ನಿಲ್ಲಿಸಿದರಂತೆ. ಊರಲ್ಲಿ ಸುದ್ದಿ ಆರ್‌ಟಿಸಿಗಿಂತ ಬೇಗ ಅಪ್‌ಡೇಟ್ ಆಗುತ್ತದೆ.

ಮಾವಂದಿರ ವಕೀಲರ ವಾದ ಎರಡು. ಚಿಕ್ಕಮ್ಮ ಇರುವುದು ನದಿಯ ಆಚೆ ದಡದಲ್ಲಿ, ಹಬ್ಬಕ್ಕೆ ಹರಿದಿನಕ್ಕೆ ತವರಿಗೆ ಬಂದು ಹೋಗುತ್ತಾಳೆ, ಹತ್ತು ವರ್ಷ ಗೊತ್ತಿರಲಿಲ್ಲ ಎಂದರೆ ನಂಬುವುದು ಹೇಗೆ ಎಂಬುದು ಒಂದು. ಮದುವೆಯಲ್ಲಿ ಚಿನ್ನ ಕೊಟ್ಟು ಹೆಣ್ಣುಮಕ್ಕಳ ಲೆಕ್ಕ ಅಂದೇ ಚುಕ್ತಾ ಆಗಿದೆ ಎಂಬುದು ಇನ್ನೊಂದು. ಎರಡನೆಯದ್ದು ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು, ಚಿನ್ನದ ಲೆಕ್ಕ ಸಾಲುವುದಿಲ್ಲ. ಮೊದಲನೆಯದ್ದು ಕೇಳಲು ಬಲವಾಗಿತ್ತು. ಆದರೆ ಅದಕ್ಕೆ ಉತ್ತರ ಕಡತದಲ್ಲೇ ಇತ್ತು. ತಂಗಿಯರಿಗೆ ನಿಜವಾಗಿ ಗೊತ್ತಿದ್ದು ಒಪ್ಪಿದ್ದರೆ ಅವರ ಹೆಸರನ್ನು ವಂಶವೃಕ್ಷದಿಂದ ಬಿಡುವ ಅಗತ್ಯವೇನಿತ್ತು?

2022ರ ಮಾರ್ಚಿನಲ್ಲಿ ಎಸಿ ಆದೇಶ ಬಂತು. ನೋಟಿಸ್ ಇಲ್ಲದೆ ಮಾಡಿದ ನಮೂದು ರದ್ದು, ಎಲ್ಲ ವಾರಸುದಾರರನ್ನೂ ಕೇಳಿ ಹೊಸದಾಗಿ ತೀರ್ಮಾನಿಸುವಂತೆ ತಹಶೀಲ್ದಾರರಿಗೆ ವಾಪಸ್. ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗ ಅಮ್ಮ "ನಮಗೆ ಎಂಬತ್ತು ಸೆಂಟ್ಸ್ ಬಂತಾ?" ಎಂದು ಕೇಳಿದಳು. ಬಂದಿರಲಿಲ್ಲ. ಎಸಿ ನೋಡಿದ್ದು ನಮೂದನ್ನು ಮಾಡಿದ ಕ್ರಮ ಸರಿಯಿತ್ತೇ ಎಂದು ಮಾತ್ರ. ಜಾಗ ಯಾರದ್ದೆಂದು ಅವರು ಹೇಳಲೂ ಇಲ್ಲ, ಹೇಳುವ ಅಧಿಕಾರವೂ ಅವರಿಗಿಲ್ಲ. ಇಷ್ಟು ಗೆದ್ದು ಮತ್ತೆ ಮೊದಲ ಮೆಟ್ಟಿಲಿಗೇ ಬಂದದ್ದು ಅಮ್ಮನಿಗೆ ಒಗಟಿನ ಹಾಗೆ ಕಂಡಿತು. "ಹತ್ತಿದ್ದು ಎಂತಕ್ಕೆ ಹಾಗಾದ್ರೆ?" ಅಂದಳು.

ತಹಶೀಲ್ದಾರರ ಮುಂದೆ ಎರಡನೇ ವಿಚಾರಣೆಯ ದಿನ ದೊಡ್ಡಮಾವ ಒಂದು ಹಳೆಯ ಪ್ಲಾಸ್ಟಿಕ್ ಕವರಿನಿಂದ ವಿಲ್ ತೆಗೆದರು. ಅಜ್ಜನ ಸಹಿ, 2007ರ ತಾರೀಕು, ಇಬ್ಬರು ಸಾಕ್ಷಿಗಳು, ನೋಂದಣಿ ಆಗಿರಲಿಲ್ಲ. ಇಡೀ ಜಾಗ ಇಬ್ಬರು ಗಂಡುಮಕ್ಕಳಿಗೆ ಎಂದು ಬರೆದಿತ್ತು. ವಿಲ್ಲಿಗೆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಅಷ್ಟಕ್ಕೇ ಅದು ಬಿದ್ದುಹೋಗುವುದಿಲ್ಲ. ನಮ್ಮ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: 2010ರಲ್ಲಿ ವಿಲ್ ಇದ್ದಿದ್ದರೆ ಖಾತೆ ಮಾಡಿಸುವಾಗ ಅದನ್ನು ಕೊಡದೆ ಪೌತಿ ಅಂತ ಅರ್ಜಿ ಯಾಕೆ ಹಾಕಿದಿರಿ? ಪೌತಿ ಎಂದರೆ ವಿಲ್ ಇಲ್ಲ, ವಾರಸುದಾರಿಕೆಯಿಂದ ಬಂತು ಎಂದು ಅರ್ಥ. ದೊಡ್ಡಮಾವ ನೆಲ ನೋಡಿದರು. ಸಣ್ಣಮಾವ ನನ್ನನ್ನು ನೋಡಿದರು. ಶಾಲೆಗೆ ಹೋಗುವಾಗ ರಜೆಯಲ್ಲಿ ಅವರ ಸೈಕಲ್ಲಿನ ಹಿಂದೆ ಕೂತು ನಾನು ಪೇಟೆಗೆ ಹೋಗುತ್ತಿದ್ದೆ. ಅಲ್ಲಿದ್ದವರಲ್ಲಿ ಯಾರಿಗೂ ಆ ಪ್ರಶ್ನೆ ಕೇಳಿ ಖುಷಿಯಾಗಲಿಲ್ಲ.

ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಉತ್ತರ ಬರೆಯುವ ಜಾಗ ತಾಲ್ಲೂಕು ಕಚೇರಿ ಅಲ್ಲ. ಸಿ.ಎನ್. ನಾಗೇಂದ್ರ ಸಿಂಗ್ ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ಪೂರ್ಣ ಪೀಠ 2002ರಲ್ಲೇ ಹೇಳಿದ ಮಾತು, ಮ್ಯುಟೇಶನ್ ವಿಚಾರಣೆಯಲ್ಲಿ ಕಂದಾಯ ಅಧಿಕಾರಿಗಳು ಮಾಲೀಕತ್ವದ ಜಟಿಲ ಪ್ರಶ್ನೆ ತೀರ್ಮಾನಿಸುವ ಹಾಗಿಲ್ಲ, ಅದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕು. ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಲ್ಲಿನ ಬಗ್ಗೆಯೇ ಹೇಳಿತು: ವಿಲ್ ಆಧಾರದಲ್ಲಿ ಹಕ್ಕು ಕೇಳುವವರು, ಅದರ ಮೇಲೆ ವಿವಾದ ಇದ್ದರೆ, ಮೊದಲು ಸಿವಿಲ್ ಕೋರ್ಟಿನಲ್ಲಿ ಹಕ್ಕು ಸ್ಥಾಪಿಸಿಕೊಂಡು ಬರಬೇಕು. ತಹಶೀಲ್ದಾರರು ಅದನ್ನೇ ಬರೆದರು. ವಿಲ್ ನಿಜವೋ ಸುಳ್ಳೋ ನಾನು ಹೇಳಲಾರೆ, ಸಿವಿಲ್ ಕೋರ್ಟಿನ ಡಿಕ್ರಿ ತನ್ನಿ, ಅಲ್ಲಿಯವರೆಗೆ ದಾಖಲೆ 2010ರ ಹಿಂದೆ ಇದ್ದ ಹಾಗೆ ಇರಲಿ.

ಆ ಆದೇಶ ಜಾರಿಯಾದ ಮೇಲೆ 2022ರ ಡಿಸೆಂಬರಿನಲ್ಲಿ ನಾನು ಮತ್ತೆ ಅದೇ ಪುಟ ತೆರೆದೆ. ಕೊಡಗು, ಮಡಿಕೇರಿ, ಸಂಪಾಜೆ, ಸಂಪಾಜೆ. ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರು. ತೀರಿ ಹದಿಮೂರು ವರ್ಷ ಆಗಿದ್ದ ಮನುಷ್ಯ ಮತ್ತೆ ಮೂರು ಎಕರೆ ಇಪ್ಪತ್ತು ಸೆಂಟ್ಸಿನ ಖಾತೆದಾರ. ನೋಡಿ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದರ ಪರಿಣಾಮ ಮಾತ್ರ ತಮಾಷೆಯದ್ದಲ್ಲ. ಸತ್ತವರ ಹೆಸರಲ್ಲಿ ಸೊಸೈಟಿ ಸಾಲ ನವೀಕರಣ ಆಗುವುದಿಲ್ಲ. ಅಡಿಕೆಗೆ ಔಷಧಿ ಹೊಡೆಯಲು ಸಣ್ಣಮಾವ ಆ ವರ್ಷ ಕೈಸಾಲ ಮಾಡಿದರು. ತೋಟ ಮಾರಲು ಅವರಿಂದಲೂ ಆಗುವುದಿಲ್ಲ, ಪಾಲು ಕೇಳಿ ಗಡಿ ಹಾಕಲು ನಮ್ಮಿಂದಲೂ ಆಗುವುದಿಲ್ಲ.

ಮಾವಂದಿರು ಡಿಸಿ ಮುಂದೆ ರಿವಿಜನ್ ಹಾಕಿದರು. ಅದಕ್ಕೆ ಒಂದು ವರ್ಷ ಹಿಡಿಯಿತು. ಕಂದಾಯ ನ್ಯಾಯಾಲಯದಲ್ಲಿ ಕೂರುವವರು ಪೂರ್ಣಾವಧಿಯ ನ್ಯಾಯಾಧೀಶರಲ್ಲ ಎಂಬುದನ್ನು ನೆನಪಿಡಬೇಕು. ಚುನಾವಣೆಯೂ ಅವರದೇ, ಮಳೆಗಾಲದಲ್ಲಿ ಗುಡ್ಡ ಜರಿದರೆ ಓಡುವವರೂ ಅವರೇ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ಕಂಡವರಿಗೆ ಅದರ ಬಗ್ಗೆ ದೂರು ಹೇಳಲು ಬಾಯಿ ಬರುವುದಿಲ್ಲ. ರಿವಿಜನ್ 2024ರಲ್ಲಿ ವಜಾ ಆಯಿತು, ಕಾರಣ ಅದೇ: ಸಿವಿಲ್ ಕೋರ್ಟಿಗೆ ಹೋಗಿ.

ಈ ದಾರಿ ಮೊದಲೇ ಹಿಡಿಯಬಹುದಿತ್ತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಕಾಯ್ದೆಯ 135ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ನಮೂದಿನ ಬಗ್ಗೆ ಸರ್ಕಾರದ ಮೇಲೆ ದಾವೆ ಹಾಕುವ ಹಾಗಿಲ್ಲ, ಆದರೆ ನಿಮ್ಮ ಹಕ್ಕನ್ನು ಅಲ್ಲಗಳೆಯುವವರ ಮೇಲೆ ಘೋಷಣೆಗಾಗಿ ದಾವೆ ಹಾಕಬಹುದು. ಡಿಕ್ರಿ ಬಂದರೆ ಅದರಂತೆ ನಮೂದನ್ನು ತಿದ್ದಲೇಬೇಕು. ಎಸಿ, ಡಿಸಿ ಏನೇ ಹೇಳಿರಲಿ, ಆಗ ಅದು ಲೆಕ್ಕಕ್ಕಿಲ್ಲ. ಆದರೂ ನಾನು ಏಣಿ ಹತ್ತಿದ್ದು ವ್ಯರ್ಥ ಅನ್ನುವುದಿಲ್ಲ. ಎಸಿ ಕೋರ್ಟಿನ ತಡೆಯಾಜ್ಞೆ ಇಲ್ಲದಿದ್ದರೆ ಇಂದು ದಾವೆಯಲ್ಲಿ ಮಾವಂದಿರ ಜೊತೆ ಖರೀದಿದಾರನೂ ಒಬ್ಬ ಪ್ರತಿವಾದಿ ಆಗಿರುತ್ತಿದ್ದ. ಕಂದಾಯದ ಏಣಿಯಿಂದ ಜಾಗ ಸಿಗುವುದಿಲ್ಲ, ಜಾಗ ಕೈಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬಹುದು. ಏಣಿಯಿಂದ ಅಷ್ಟೇ ನಿರೀಕ್ಷಿಸಿದರೆ ಅದು ಒಳ್ಳೆಯ ಏಣಿ.

ಅದೇ ವರ್ಷ ಅಮ್ಮ, ಚಿಕ್ಕಮ್ಮ ಇಬ್ಬರೂ ಸೇರಿ ಮಡಿಕೇರಿಯ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಿದರು. ಈಗ ವಿಲ್ ಸಾಬೀತು ಮಾಡಬೇಕಾದವರು ಮಾವಂದಿರು. ವಿಲ್ಲಿಗೆ ಕನಿಷ್ಠ ಇಬ್ಬರು ಸಾಕ್ಷಿ ಸಹಿ ಹಾಕಿರಬೇಕು, ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ಕಟಕಟೆಗೆ ಕರೆಸಿ, ಅಜ್ಜ ಸಹಿ ಹಾಕಿದ್ದು ಹೌದೆಂದು ಹೇಳಿಸಬೇಕು. ಒಬ್ಬರು ತೀರಿಹೋಗಿದ್ದಾರೆ. ಇನ್ನೊಬ್ಬರು ಸುಳ್ಯ ಕಡೆ ಇದ್ದಾರೆ, ಎಂಬತ್ತು ದಾಟಿದೆ, ಅಜ್ಜನ ಜೊತೆ ಎಲೆಅಡಿಕೆ ಹಾಕುತ್ತ ನಮ್ಮ ಜಗಲಿಯಲ್ಲಿ ಕೂತಿರುತ್ತಿದ್ದವರು. ಘಾಟಿಯ ತಿರುವುಗಳಲ್ಲಿ ತಲೆಸುತ್ತು ಬರುತ್ತದೆಂದು ಎರಡು ದಿನಾಂಕಕ್ಕೆ ಬರಲಿಲ್ಲ. ಮೊನ್ನೆ ಚಿಕ್ಕಮ್ಮ ಅವರ ಮನೆಗೆ ಹೋಗಿ ಅವಲಕ್ಕಿ, ಬಾಳೆಹಣ್ಣು ಕೊಟ್ಟು ಬಂದಳಂತೆ. ಕೇಸಿನ ಮಾತು ಆಡಬಾರದು ಚಿಕ್ಕಮ್ಮ, ಅವರು ಎದುರು ಪಾರ್ಟಿಯ ಸಾಕ್ಷಿ, ಅಂದೆ. "ಆಡ್ಲಿಲ್ಲ ಮಾರಾಯ, ಹುಷಾರಿದ್ದೀರಾ ಅಂತ ಕೇಳಿದ್ದು ಅಷ್ಟೆ," ಅಂದಳು. "ಹೋಗುವಾಗ ಅಂಗಳದಲ್ಲಿ ದೊಡ್ಡಣ್ಣನ ಜೀಪು ಉಂಟು. ಅವನೂ ಹುಷಾರು ಕೇಳ್ಲಿಕ್ಕೆ ಬಂದದ್ದು."